ದಾಸ್ತಾನೋ ಡ್ರಾಪ್‌ಶಿಪ್ಪಿಂಗೋ: ರಿಟರ್ನ್ ಲೆಕ್ಕ ಹಾಕಿ ನಾನು ನಿರ್ಧರಿಸಿದ ಬಗೆ

ಮಡಚಬಹುದಾದ ಲ್ಯಾಪ್‌ಟಾಪ್ ಸ್ಟ್ಯಾಂಡ್‌ಗಳನ್ನು ಆನ್‌ಲೈನ್‌ನಲ್ಲಿ ಮಾರಲು ತೊಡಗಿದಾಗ ನಾನು ಡ್ರಾಪ್‌ಶಿಪ್ಪಿಂಗ್ ವಿಧಾನವನ್ನೇ ಆರಿಸಿಕೊಂಡೆ. ಗ್ರಾಹಕರ ಆರ್ಡರ್ ಬಂದ ಮೇಲೆ ಪೂರೈಕೆದಾರನಿಗೆ ಹಣ ಕಟ್ಟಿದರೆ ಆತನೇ ಸರಕನ್ನು ನೇರವಾಗಿ ಗ್ರಾಹಕರಿಗೆ ಕಳುಹಿಸುತ್ತಿದ್ದ. ಇದಕ್ಕೆ ಬಂಡವಾಳವೇ ಬೇಡ ಎಂಬ ಮಾತು ಪೂರ್ತಿ ಸರಿಯಲ್ಲ. ಗ್ರಾಹಕರು ಕೊಟ್ಟ ಹಣ ಪೇಮೆಂಟ್ ಗೇಟ್‌ವೇ ಮೂಲಕ ನಮ್ಮ ಖಾತೆಗೆ ಬರಲು ಕೆಲವು ದಿನ ಹಿಡಿಯುತ್ತದೆ, ಆದರೆ ಪೂರೈಕೆದಾರನಿಗೆ ಅಂದೇ ಪಾವತಿಸಬೇಕು. ಆರ್ಡರ್ ಹೆಚ್ಚಿದಷ್ಟೂ ಈ ನಡುವಿನ ಅವಧಿಗೆ ನಾವು ಕೈಯಿಂದ ಹಾಕಬೇಕಾದ ಹಣವೂ ಹೆಚ್ಚುತ್ತದೆ.

ಮಾರಾಟ ಒಂದು ಹದಕ್ಕೆ ಬಂದ ಮೇಲೆ ಡ್ರಾಪ್‌ಶಿಪ್ಪಿಂಗ್ ಮತ್ತು ಸರಕನ್ನು ಮೊದಲೇ ಕೊಂಡಿಟ್ಟುಕೊಳ್ಳುವ ದಾಸ್ತಾನು, ಈ ಎರಡೂ ವಿಧಾನಗಳ ಲೆಕ್ಕವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದೆ. ಮಾರಾಟದ ಬೆಲೆ 100 ಎಂದಿಟ್ಟುಕೊಳ್ಳೋಣ. ಪೂರೈಕೆದಾರನು ಸಾಗಣೆಯೂ ಸೇರಿ 62 ಕೇಳುತ್ತಿದ್ದ. ಜಾಹೀರಾತಿಗೆ 20, ಗೇಟ್‌ವೇ ಶುಲ್ಕಕ್ಕೆ 3 ಕಳೆದರೆ ನನಗೆ 15 ಉಳಿಯುತ್ತಿತ್ತು. ಅದೇ ಸ್ಟ್ಯಾಂಡನ್ನು ಸಗಟಾಗಿ ತರಿಸಿಕೊಂಡರೆ ಅದು ನನ್ನ ಕೋಣೆಗೆ ಬಂದು ಸೇರುವ ಹೊತ್ತಿಗೆ 43 ಆಗುತ್ತಿತ್ತು. ಪ್ಯಾಕಿಂಗ್‌ಗೆ 3, ಕೊರಿಯರ್‌ಗೆ 12 ಸೇರಿಸಿ, ಜಾಹೀರಾತು ಮತ್ತು ಶುಲ್ಕವನ್ನು ಮೊದಲಿನಂತೆಯೇ ಕಳೆದರೆ 19 ಉಳಿಯುತ್ತಿತ್ತು. ಕೇವಲ 4ರ ಹೆಚ್ಚುವರಿಗಾಗಿ ಸರಕು ತುಂಬಿಟ್ಟುಕೊಳ್ಳುವುದು ಯಾರಿಗೂ ಬುದ್ಧಿವಂತಿಕೆಯೆನಿಸದು, ಮತ್ತು ಹೊಸಬರಲ್ಲಿ ಹಲವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ.

ಚಿತ್ರ ಬದಲಾಗುವುದು ರಿಟರ್ನ್‌ಗಳನ್ನು ಸೇರಿಸಿದಾಗ. 100 ಆರ್ಡರ್‌ಗಳಲ್ಲಿ 10 ಹಿಂದಿರುಗುತ್ತವೆ ಎನ್ನೋಣ. ನನ್ನ ಪೂರೈಕೆದಾರನು ಸರಕನ್ನು ವಾಪಸ್ ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಗ್ರಾಹಕರಿಗೆ ಹಣ ಮರಳಿಸಿದ ಪ್ರತಿ ಆರ್ಡರ್‌ನಲ್ಲೂ 62, 20 ಮತ್ತು 3 ಸೇರಿ 85 ನಷ್ಟವಾಗುತ್ತಿತ್ತು. ಉಳಿದ 90 ಆರ್ಡರ್‌ಗಳ 1350ರಲ್ಲಿ ಈ 850 ಹೋದರೆ ಕೈಗೆ ಬರುವುದು 500 ಮಾತ್ರ. ಸ್ವಂತ ದಾಸ್ತಾನಿನಲ್ಲಿ ಪ್ಯಾಕಿಂಗ್, ಕೊರಿಯರ್, ಜಾಹೀರಾತು ಮತ್ತು ಶುಲ್ಕದ 38ಕ್ಕೆ ಹಿಂದಿರುಗುವ ಕೊರಿಯರ್‌ನ ಇನ್ನೊಂದು 12 ಸೇರಿ ಪ್ರತಿ ರಿಟರ್ನ್‌ಗೆ 50 ಹೋಗುತ್ತದೆ, ಆದರೆ ವಸ್ತು ನಮ್ಮ ಕೈಗೆ ಮರಳುತ್ತದೆ. ಹತ್ತರಲ್ಲಿ 7 ಮತ್ತೆ ಮಾರುವಂತಿದ್ದು 3 ಕೆಟ್ಟಿದ್ದರೆ, ಹತ್ತು ರಿಟರ್ನ್‌ಗಳ 500ಕ್ಕೆ ಕೆಟ್ಟ ಮೂರರ ಬೆಲೆ 129 ಸೇರಿ ಒಟ್ಟು ನಷ್ಟ 629. 1710ರಲ್ಲಿ ಅದನ್ನು ಕಳೆದರೆ 1081 ಉಳಿಯುತ್ತದೆ. ಎಂದರೆ ಲಾಭ ಎರಡು ಪಟ್ಟಿಗೂ ಹೆಚ್ಚು.

ಹಾಗೆಂದು ಕೂಡಲೇ ಸರಕು ತರಿಸಬೇಕೆಂದಲ್ಲ. ಎರಡರ ನಡುವಿನ ವ್ಯತ್ಯಾಸ 581, ಒಂದು ಸ್ಟ್ಯಾಂಡಿನ ಬೆಲೆ 43. ಕೊನೆಗೆ 14 ಸ್ಟ್ಯಾಂಡ್‌ಗಳು ಮಾರಾಟವಾಗದೆ ಉಳಿದರೆ 602 ಸಿಕ್ಕಿಬಿದ್ದು ದಾಸ್ತಾನಿನ ಮೇಲುಗೈ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ನಾನು ಕೇಳಿಕೊಂಡ ಪ್ರಶ್ನೆ ಯಾವುದರಲ್ಲಿ ಲಾಭ ಹೆಚ್ಚು ಎಂಬುದಲ್ಲ, ಎಷ್ಟು ಉಳಿದುಬಿಡಬಹುದು ಎಂಬುದು. ಇದಕ್ಕೆ ಉತ್ತರ ನನ್ನ ಡ್ರಾಪ್‌ಶಿಪ್ಪಿಂಗ್ ಆರ್ಡರ್‌ಗಳ ಪಟ್ಟಿಯಲ್ಲೇ ಇತ್ತು. ಬೂದು ಬಣ್ಣದ ಸ್ಟ್ಯಾಂಡ್ ವಾರದಿಂದ ವಾರಕ್ಕೆ ಹೆಚ್ಚು ಏರಿಳಿತವಿಲ್ಲದೆ ಹೋಗುತ್ತಿತ್ತು. ಗುಲಾಬಿ ಮತ್ತು ನೀಲಿ ಬಣ್ಣದವು ಒಮ್ಮೆ ಹೋದರೆ ಮತ್ತೆ ಬಹಳ ದಿನ ಯಾರೂ ಕೇಳುತ್ತಿರಲಿಲ್ಲ. ಉಡುಪು, ಪಾದರಕ್ಷೆಯಂಥ ವಸ್ತುಗಳಲ್ಲಿ ಬಣ್ಣದ ಜೊತೆಗೆ ಅಳತೆಯೂ ಸೇರುವುದರಿಂದ ಉಳಿಕೆ ಇನ್ನೂ ಬೇಗ ಬೆಳೆಯುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು.

ಬೂದು ಬಣ್ಣದ ಒಂದನ್ನೇ, ಪೂರೈಕೆದಾರನು ಒಪ್ಪುವ ಕನಿಷ್ಠ ಪ್ರಮಾಣದಲ್ಲಿ ತರಿಸಿದೆ. ಮೊದಲ ಪೆಟ್ಟಿಗೆ ತೆರೆದಾಗಲೇ ಗ್ರಾಹಕರ ದೂರುಗಳ ಕಾರಣ ಕಣ್ಣಿಗೆ ಬಿತ್ತು. ಕೆಲವು ಸ್ಟ್ಯಾಂಡ್‌ಗಳಲ್ಲಿ ಕೀಲಿನ ತಿರುಪು ಸಡಿಲವಾಗಿದ್ದು, ಲ್ಯಾಪ್‌ಟಾಪ್ ಇಟ್ಟ ಕೂಡಲೇ ತೋಳು ನಿಧಾನವಾಗಿ ಕೆಳಕ್ಕೆ ಬಾಗುತ್ತಿತ್ತು. ಪ್ರತಿಯೊಂದನ್ನೂ ಬಿಚ್ಚಿ, ತಿರುಪು ಬಿಗಿ ಮಾಡಿ, ಭಾರ ಹೇರಿ ನೋಡಿದ ಮೇಲೆಯೇ ಕಳುಹಿಸತೊಡಗಿದೆ, ರಿಟರ್ನ್‌ಗಳು ಕಡಿಮೆಯಾದವು. ಸರಕನ್ನು ಕಣ್ಣಾರೆ ನೋಡದ ಮಾರಾಟಗಾರನಿಗೆ ಈ ಅವಕಾಶವೇ ಇರುವುದಿಲ್ಲ. ನನ್ನ ದೃಷ್ಟಿಯಲ್ಲಿ ಬೆಲೆಯ ಉಳಿತಾಯಕ್ಕಿಂತ ಇದೇ ದಾಸ್ತಾನಿನ ದೊಡ್ಡ ಪ್ರಯೋಜನ.

ಮತ್ತೆ ತರಿಸುವ ಸಮಯವನ್ನು ಸರಳವಾಗಿ ಗೊತ್ತುಮಾಡಿಕೊಂಡಿದ್ದೇನೆ. ದಿನಕ್ಕೆ 2 ಮಾರಾಟವಾಗಿ ಹೊಸ ಸರಕು ಬರಲು 20 ದಿನ ಬೇಕಾದರೆ, ತಡವಾಗುವ ಸಾಧ್ಯತೆಗೆಂದು ಇನ್ನೂ 10 ಸ್ಟ್ಯಾಂಡ್ ಸೇರಿಸಿ, 50 ಉಳಿದಿರುವಾಗಲೇ ಆರ್ಡರ್ ಹಾಕುತ್ತೇನೆ. ಗುಲಾಬಿ ಮತ್ತು ನೀಲಿ ಬಣ್ಣದವು ಈಗಲೂ ಡ್ರಾಪ್‌ಶಿಪ್ಪಿಂಗ್‌ನಲ್ಲೇ ಇವೆ. ಒಬ್ಬರೇ ಬೂದು ಮತ್ತು ನೀಲಿ ಎರಡನ್ನೂ ಕೊಂಡಾಗ ಎರಡು ಪೊಟ್ಟಣಗಳು ಬೇರೆ ಬೇರೆ ದಿನ ತಲುಪುತ್ತವೆ ಎಂಬುದನ್ನು ಹಣ ಕಟ್ಟುವ ಪುಟದಲ್ಲೇ ತಿಳಿಸುತ್ತೇನೆ.