ಸಂದರ್ಶನಗಳನ್ನು ಎಲ್ಲಿ ನಿಲ್ಲಿಸಬೇಕು: ನನ್ನ ಅನುಭವ

ರಕ್ತದೊತ್ತಡದ ಮಾತ್ರೆಯನ್ನು ಜನ ನಡುವೆ ಏಕೆ ಬಿಡುತ್ತಾರೆ ಎಂಬ ಗುಣಾತ್ಮಕ ಅಧ್ಯಯನದಲ್ಲಿ ನಾನು ಮೊದಲು ಮಾತನಾಡಿಸಿದ್ದು ಚಿಕಿತ್ಸಾಲಯದಲ್ಲಿ ಸರದಿಗಾಗಿ ಕುಳಿತಿದ್ದವರನ್ನು. ಕೈಗೆ ಸಿಕ್ಕವರನ್ನು, ಮಾತನಾಡಲು ಒಪ್ಪಿದವರನ್ನು ಆರಿಸಿಕೊಳ್ಳುವ ಇದು ಅನುಕೂಲ ಮಾದರಿ. ಇದಕ್ಕೆ ವರದಿಯಲ್ಲಿ ಉದ್ದೇಶಿತ ಮಾದರಿ ಎಂದು ಹೆಸರಿಡುವವರಿದ್ದಾರೆ. ಯಾರನ್ನು ಯಾವ ಕಾರಣಕ್ಕೆ ಆರಿಸಲಾಯಿತು ಎಂದು ಮೊದಲೇ ಬರೆದಿಡದಿದ್ದರೆ ಆ ಹೆಸರು ಸಲ್ಲದು ಎಂಬುದು ನನ್ನ ನಿಲುವು.

ಇನ್ನಷ್ಟು ಜನರನ್ನು ಕೇಳಿದರೂ ಹೊಸದೇನೂ ಸಿಗದ ಹಂತವೇ ಸ್ಯಾಚುರೇಶನ್. ಅದನ್ನು ಅಳೆಯಲು ಗೆಸ್ಟ್, ನೇಮಿ ಮತ್ತು ಚೆನ್ 2020ರಲ್ಲಿ ಸೂಚಿಸಿದ ಸರಳ ಲೆಕ್ಕವನ್ನು ಬಳಸಿದೆ. ಮೊದಲ 6 ಸಂದರ್ಶನಗಳಲ್ಲಿ 25 ಬೇರೆ ಬೇರೆ ಕೋಡ್‌ಗಳು ದೊರೆತವು; ಉತ್ತರದಲ್ಲಿನ ಒಂದೊಂದು ವಿಚಾರಕ್ಕೆ ಕೊಡುವ ಚಿಕ್ಕ ಹೆಸರೇ ಕೋಡ್. ಮುಂದಿನ 2 ಸಂದರ್ಶನಗಳು ಸೇರಿಸಿದ್ದು ಒಂದೇ ಹೊಸ ಕೋಡ್, ಅಂದರೆ ಆ 25ರ ಶೇ. 4. ಶೇ. 5ರ ಮಿತಿ ಇಟ್ಟುಕೊಂಡಿದ್ದರಿಂದ ಲೆಕ್ಕದ ಪ್ರಕಾರ ಅಲ್ಲಿಗೇ ನಿಲ್ಲಿಸಬಹುದಿತ್ತು.

ಆದರೆ ಆ ಎಂಟೂ ಮಂದಿ ಚಿಕಿತ್ಸಾಲಯಕ್ಕೆ ಬರುತ್ತಲೇ ಇದ್ದವರು. ಒಂದೇ ಬಗೆಯ ಜನರನ್ನು ಕೇಳಿದರೆ ಉತ್ತರಗಳು ಬೇಗ ಮರುಕಳಿಸುತ್ತವೆ. ಅದು ವಿಷಯ ಮುಗಿದುದಕ್ಕಲ್ಲ, ಆ ಗುಂಪು ಮುಗಿದುದಕ್ಕೆ ಸಾಕ್ಷಿ. ಆದ್ದರಿಂದ ಯೋಜನೆಯಲ್ಲೇ ಬರೆದಿದ್ದಂತೆ, ಬರುವುದನ್ನೇ ನಿಲ್ಲಿಸಿದವರನ್ನು ಉದ್ದೇಶಪೂರ್ವಕವಾಗಿ ಹುಡುಕಿ ಮಾತನಾಡಿಸಿದೆ. ಅವರ ಮೊದಲ 2 ಸಂದರ್ಶನಗಳೇ 5 ಹೊಸ ಕೋಡ್‌ಗಳನ್ನು ಕೊಟ್ಟವು: ಅದೇ ಲೆಕ್ಕದಲ್ಲಿ ಶೇ. 20. ಬರುತ್ತಿದ್ದವರು ಹೆಚ್ಚಾಗಿ "ಮರೆತುಹೋಗುತ್ತದೆ" ಎಂದಿದ್ದರೆ, ಬಿಟ್ಟವರಲ್ಲೊಬ್ಬರು "ಮಾತ್ರೆ ನುಂಗುವುದನ್ನು ನೋಡಿದರೆ ಕೆಲಸದಲ್ಲಿ ನನ್ನನ್ನು ರೋಗಿ ಎಂದೇ ಗುರುತಿಸುತ್ತಾರೆ" ಎಂದರು. ಅಲ್ಲಿಂದ ಮುಂದೆ ಎರಡು ಗುಂಪುಗಳಿಗೂ ಪ್ರತ್ಯೇಕ ಲೆಕ್ಕ ಇಟ್ಟೆ.

ಅದಕ್ಕೂ ಸೂಕ್ಷ್ಮವಾದ ತೊಡಕೊಂದು ಇತ್ತು. ಕೋಡ್ ಹೊಸದಲ್ಲದಿದ್ದರೂ ಅದರ ಅರ್ಥ ಇನ್ನೂ ತೆರೆದುಕೊಳ್ಳುತ್ತಿರಬಹುದು. 'ಮರೆವು' ಎಂಬ ಕೋಡ್ ಮೊದಲ ಸಂದರ್ಶನದಲ್ಲೇ ಬಂದಿತ್ತು; ಒಬ್ಬರಿಗೆ ಅದು ನಿಜವಾದ ಮರೆವು, ಇನ್ನೊಬ್ಬರಿಗೆ ತಾನು ರೋಗಿಯಲ್ಲ ಎಂದುಕೊಳ್ಳುವ ದಾರಿ ಎಂಬುದು ಬಹಳ ತಡವಾಗಿ ಕಂಡಿತು. ಹೆನ್ನಿಂಕ್ ಮತ್ತು ಸಂಗಡಿಗರ 2017ರ ಅಧ್ಯಯನದಲ್ಲಿಯೂ ಕೋಡ್‌ಗಳ ಮಟ್ಟದ ಸ್ಯಾಚುರೇಶನ್ 9 ಸಂದರ್ಶನಗಳಲ್ಲಿ ಬಂದರೆ, ಅರ್ಥದ ಮಟ್ಟದ್ದಕ್ಕೆ 16ರಿಂದ 24 ಬೇಕಾದವು. ಆ ಸಂಖ್ಯೆಗಳನ್ನು ಬೇರೆ ಅಧ್ಯಯನಕ್ಕೆ ನೇರವಾಗಿ ಎತ್ತಿಕೊಳ್ಳುವಂತಿಲ್ಲ. ಆದರೂ "12 ಸಾಕು" ಎಂದು ಕಣ್ಣುಮುಚ್ಚಿ ಬರೆಯುವವರು ಅದನ್ನೊಮ್ಮೆ ಓದಬೇಕು.

ಇವೆಲ್ಲ ಕಣ್ಣಿಗೆ ಬೀಳಬೇಕಾದರೆ ಪ್ರತಿ ಸಂದರ್ಶನವನ್ನೂ ಮುಂದಿನದಕ್ಕೆ ಹೋಗುವ ಮೊದಲೇ ಕೋಡ್ ಮಾಡಬೇಕು. ಎಲ್ಲವನ್ನೂ ಸಂಗ್ರಹಿಸಿಕೊಂಡು ಕೊನೆಗೆ ಎಣಿಸಿದರೆ, ಯಾರನ್ನು ಮುಂದೆ ಹುಡುಕಬೇಕೆಂದು ತೀರ್ಮಾನಿಸುವ ಅವಕಾಶವೇ ಉಳಿಯುವುದಿಲ್ಲ.

ವರದಿಯಲ್ಲಿ "ಸ್ಯಾಚುರೇಶನ್ ತಲುಪಲಾಯಿತು" ಎಂಬ ಒಂಟಿ ವಾಕ್ಯದ ಬದಲು, ಗುಂಪುವಾರು ಆಯ್ಕೆಯ ಕಾರಣ, ಪ್ರತಿ ಹಂತದ ಹೊಸ ಕೋಡ್‌ಗಳ ಪಟ್ಟಿ ಮತ್ತು ನಿಲ್ಲಿಸಿದ ಮಿತಿಯನ್ನು ಕೊಟ್ಟೆ. ಚಿಕಿತ್ಸೆಯನ್ನೇ ಆರಂಭಿಸದವರು ಮಾದರಿಯಲ್ಲಿ ಇರಲಿಲ್ಲವಾದ್ದರಿಂದ, ಈ ಸ್ಯಾಚುರೇಶನ್ ವಾದ ಅವರಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಅಲ್ಲೇ ದಾಖಲಿಸಿದೆ.