ಕಾಫಿ ಚರಟ: ಕಲಬುರಗಿಯ ಕಪ್ಪು ಮಣ್ಣಿಗೆ ನಾನು ಹಾಕುವ ರೀತಿ

ನಮ್ಮ ಕಡೆ ಮನೆಮನೆಯಲ್ಲಿ ಕುದಿಯುವುದು ಚಹಾ. ಕಾಫಿ ಚರಟ ಬೇಕೆಂದರೆ ಫಿಲ್ಟರ್ ಕಾಫಿ ಮಾಡುವ ಹೋಟೆಲಿಗೇ ಹೋಗಬೇಕು. ಅಲ್ಲಿ ಒಂದು ಮುಚ್ಚಳದ ಬಕೆಟ್ ಕೊಟ್ಟು, ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿದದ್ದನ್ನು ಮಾತ್ರ ಅದರಲ್ಲಿ ಹಾಕಲು ಹೇಳಿಟ್ಟಿದ್ದೇನೆ. ಹಾಲು, ಸಕ್ಕರೆ, ಕಾಗದದ ಕಪ್ಪು ಸೇರಿದರೆ ಇರುವೆ, ನೊಣ ಎರಡೂ ಹಿಂದೆಯೇ ಬರುತ್ತವೆ. ಚಿಕೋರಿ ಬೆರೆತ ಪುಡಿಯ ಚರಟವಾದರೂ ಗೊಬ್ಬರಕ್ಕೆ ಅಡ್ಡಿಯಿಲ್ಲ.

ತಂದ ಚರಟ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಅದೇ ದಿನ ಗೊಬ್ಬರದ ಡ್ರಮ್ಮಿಗೆ ಹೋಗದಿದ್ದರೆ ಒಣಗಿಸಲೇಬೇಕು. ಹಳೆ ತಗಡಿನ ಮೇಲೆ ಒಂದು ಸೆಂಟಿಮೀಟರ್ ದಪ್ಪಕ್ಕೆ ಹರವಿ ಮಾಳಿಗೆಯಲ್ಲಿಟ್ಟರೆ ಏಪ್ರಿಲ್ ಬಿಸಿಲಿಗೆ ಒಂದೇ ದಿನ ಸಾಕು. ಮಳೆಗಾಲದಲ್ಲಿ ಎರಡು ಮೂರು ದಿನ ಹಿಡಿಯುತ್ತದೆ, ನಡುನಡುವೆ ಕೈಯಾಡಿಸಬೇಕು. ಹಸಿಯಾಗಿಯೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ಹಸಿರು ಬೂಷ್ಟು ಬರುತ್ತದೆ. ಅಂಥದ್ದನ್ನು ಮೂಗಿನ ಹತ್ತಿರ ಒಯ್ಯಬೇಡಿ. ಅದರ ಧೂಳು ದಮ್ಮು ಇರುವವರಿಗೆ ಕೆಟ್ಟದ್ದು. ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಡ್ರಮ್ಮಿಗೆ ಸುರಿದುಬಿಡಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕಾಫಿ ಹುಳಿ, ನಮ್ಮ ಎರೆಮಣ್ಣು ಕ್ಷಾರ, ಹಾಗಾದರೆ ಚರಟ ಹಾಕಿದರೆ ಮಣ್ಣು ಸರಿಹೋಗುತ್ತದೆ ಎನ್ನುವ ಲೆಕ್ಕ. ಹುಳಿಯ ಬಹುಪಾಲು ಡಿಕಾಕ್ಷನ್ ಜೊತೆಗೇ ಇಳಿದುಹೋಗಿರುತ್ತದೆ. ಉಳಿದ ಚರಟದ ಪಿಎಚ್ ಸಾಮಾನ್ಯವಾಗಿ 6.5ರ ಆಸುಪಾಸು. ಇನ್ನು ಕಲಬುರಗಿಯ ಎರೆಮಣ್ಣಿನ ಪಿಎಚ್ ಅನೇಕ ಕಡೆ 8 ದಾಟಿರುತ್ತದೆ, ಮೇಲೆ ಸುಣ್ಣದ ಹರಳು ಬೇರೆ. ಅದನ್ನು ಬುಟ್ಟಿಗಟ್ಟಲೆ ಚರಟವೂ ಅಲುಗಾಡಿಸಲಾರದು. ದಾಸವಾಳ, ಗುಲಾಬಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಅದಕ್ಕೆ ಚರಟ ಮದ್ದಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಅಂದರೆ ಕಬ್ಬಿಣದ ಸಲ್ಫೇಟ್, ಒಂದು ಗ್ರಾಂ ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಬೇಕು.

ಹಸಿ ಚರಟವನ್ನು ಗಿಡದ ಬುಡಕ್ಕೆ ದಪ್ಪಗೆ ಸುರಿಯುವುದೂ ತಪ್ಪು. ಸಣ್ಣ ಕಣ, ಬಿಸಿಲಿಗೆ ಒಣಗಿ ಹಪ್ಪಳದಂತೆ ಕಟ್ಟಿಕೊಳ್ಳುತ್ತದೆ. ಹಾಕಿದ ನೀರು ಮೇಲಿಂದ ಜಾರಿ ಎರೆಮಣ್ಣಿನ ಬಿರುಕಿಗೆ ಇಳಿದುಹೋಗುತ್ತದೆ, ಬೇರಿಗೆ ಮುಟ್ಟುವುದಿಲ್ಲ. ಮಣ್ಣಿಗೆ ಬೆರೆಸಿದರೂ ಒಂದು ಪೇಚಿದೆ. ಚರಟ ಕೊಳೆಯಿಸುವ ಸೂಕ್ಷ್ಮಜೀವಿಗಳು ಮೊದಲಿಗೆ ಮಣ್ಣಿನಲ್ಲಿರುವ ಸಾರಜನಕವನ್ನೇ ತಿನ್ನುತ್ತವೆ, ಗಿಡದ ಕೆಳಗಿನ ಹಳೆ ಎಲೆಗಳು ಬಿಳಿಚುತ್ತವೆ. ಉಳಿದ ಕೆಫೀನ್ ಮೊಳಕೆಯನ್ನು ತಡೆಯುವುದರಿಂದ ಬೀಜ ಹಾಕುವ ಮಡಿಗೆ, ಸಸಿ ಟ್ರೇಗೆ ಹಸಿ ಚರಟ ಬೇಡವೇ ಬೇಡ. ನೇರವಾಗಿಯೇ ಹಾಕಬೇಕೆಂದರೆ ಬೆಳೆದ ಗಿಡವಿರುವ 12 ಇಂಚಿನ ಕುಂಡಕ್ಕೆ ಒಣ ಚರಟ ಒಂದು ಹಿಡಿ, ಎರಡು ತಿಂಗಳಿಗೊಮ್ಮೆ. ಮೇಲ್ಮಣ್ಣಿಗೆ ಬೆರೆಸಿ, ಮೇಲೆ ತೊಗರಿ ಹೊಟ್ಟು ಮುಚ್ಚಬೇಕು.

ಹಾಗಾಗಿ ನನ್ನ ಬಹುಪಾಲು ಚರಟ ಹೋಗುವುದು 100 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ. ತಳಕ್ಕೂ ಸುತ್ತಲೂ ಅರ್ಧ ಇಂಚಿನ ತೂತು, ಕೆಳಗೆ ಇಟ್ಟಿಗೆ, ಇಳಿದ ನೀರು ಹಿಡಿಯಲು ಅಗಲ ತಟ್ಟೆ. ಒಳಗೆ ಮೊದಲು ತೊಗರಿ ಕಟ್ಟಿಗೆಯನ್ನು ಮುರಿದು ಅರ್ಧ ಅಡಿ ಹಾಕುತ್ತೇನೆ. ಅದು ಬೇಗ ಕೊಳೆಯುವುದಿಲ್ಲ, ಅದೇ ಬೇಕಾಗಿರುವುದು: ಕೆಳಗಿನಿಂದ ಗಾಳಿ ಆಡಲು ಜಾಗ ಬಿಡುತ್ತದೆ.

ಅಳತೆಗೆ 5 ಲೀಟರಿನ ಬಕೆಟ್. ಒಂದು ಬಕೆಟ್ ಚರಟಕ್ಕೆ ಎರಡು ಬಕೆಟ್ ತರಕಾರಿ ಸಿಪ್ಪೆ, ಎರಡು ಬಕೆಟ್ ಜೋಳದ ಕಣಿಕೆ, ಮೇಲೆ ಅರ್ಧ ಬಕೆಟ್ ಹಳೆ ಸಗಣಿ ಗೊಬ್ಬರ. ಒಟ್ಟು ಐದೂವರೆ ಬಕೆಟ್ಟಿನಲ್ಲಿ ಚರಟ ಒಂದೇ, ಅಂದರೆ ಐದನೇ ಒಂದು ಪಾಲಿಗಿಂತ ಕಡಿಮೆ. ಈ ಮಿತಿ ದಾಟಬಾರದು. ಬಣ್ಣ ಕಂದಾದರೂ ಚರಟ ‘ಹಸಿರು’ ಸಾಮಗ್ರಿಯೇ, ಅಂದರೆ ಸಿಪ್ಪೆಯಂತೆ ಸಾರಜನಕ ಹೆಚ್ಚಿರುವಂಥದ್ದು. ಅದರಲ್ಲಿ ಸಾರಜನಕ ಸುಮಾರು ಶೇಕಡಾ 2 ಇದೆ. ಒಣ ಎಲೆಯ ಬದಲಿಗೆ ಚರಟ ಹಾಕುವವರ ಡ್ರಮ್ಮು ನಾರುವುದು ಇದೇ ಕಾರಣಕ್ಕೆ. ಕಣಿಕೆ ಎಂದರೆ ದನ ತಿಂದು ಬಿಟ್ಟ ದಂಟು, ಮೇವಿನ ಪಾಲಲ್ಲ. ಕೊಡಲಿಯಿಂದ ಎರಡು ಮೂರು ಇಂಚಿಗೆ ಕಡಿದುಕೊಳ್ಳಬೇಕು. ಹಾಗೇ ಉದ್ದಕ್ಕೆ ಹಾಕಿದರೆ ತಿರುವಿಹಾಕುವಾಗ ಸಲಾಕೆಗೆ ಸುತ್ತಿಕೊಂಡು ಜೀವ ತಿನ್ನುತ್ತದೆ.

ಚರಟವನ್ನು ಒಂದೇ ಪದರವಾಗಿ ಹರವಬಾರದು. ಒಣಗಿದ್ದಾದರೆ ಮೊದಲು ನೀರಲ್ಲಿ ನೆನೆಸಿ, ಸಿಪ್ಪೆ ಮತ್ತು ಕಣಿಕೆಯ ಜೊತೆ ಕೈಯಿಂದ ಕಲಸಿ ಆಮೇಲೆ ಸುರಿಯುತ್ತೇನೆ. ಒಣ ಚರಟ ನೀರನ್ನು ಬೇಗ ಹೀರುವುದಿಲ್ಲ. ಮೇಲೆ ಒದ್ದೆ ಕಂಡರೂ ಗಂಟಿನೊಳಗೆ ಪುಡಿ ಪುಡಿಯಾಗಿಯೇ ಇರುತ್ತದೆ. ತೇವದ ಹದ ನೋಡಲು ಒಂದು ಹಿಡಿ ತೆಗೆದು ಹಿಂಡಿ: ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಒಂದೆರಡು ಹನಿಗಿಂತ ಹೆಚ್ಚು ಬರಬಾರದು.

ಮೂರು ನಾಲ್ಕು ದಿನಕ್ಕೆ ಕಬ್ಬಿಣದ ಸರಳು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಕೈಗೆ ಬಿಸಿ ತಾಕಬೇಕು. ತಾಕದಿದ್ದರೆ, ನಮ್ಮ ಊರಲ್ಲಿ, ಹತ್ತಕ್ಕೆ ಎಂಟು ಸಲ ಕಾರಣ ನೀರಿನ ಕೊರತೆ. 42 ಡಿಗ್ರಿಯ ಬಿಸಿಲಿಗೆ ಗೊಬ್ಬರ ಬೇಗ ಆಗುತ್ತದೆ ಎಂದುಕೊಳ್ಳುತ್ತಾರೆ, ಆಗುವುದು ಒಣಗುವಿಕೆ ಮಾತ್ರ. ಮಾರ್ಚಿಯಿಂದ ಜೂನ್‌ವರೆಗೆ ಡ್ರಮ್ಮು ಬೇವಿನ ನೆರಳಲ್ಲಿ, ಮೇಲೆ ಹಸಿ ಗೋಣಿಚೀಲ. ವಾರಕ್ಕೊಮ್ಮೆ ತಿರುವಿಹಾಕುತ್ತೇನೆ. ಮೂಗಿಗೆ ಚುಚ್ಚುವ, ಮೂತ್ರದಂಥ ವಾಸನೆ ಬಂದರೆ ಚರಟ, ಸಿಪ್ಪೆ ಹೆಚ್ಚಾಗಿದೆ. ಇನ್ನೊಂದು ಬಕೆಟ್ ಕಣಿಕೆ ಸೇರಿಸಿ. ಹುಳಿ ನಾತವಾದರೆ ನೀರು ಹೆಚ್ಚಾಗಿ ಒಳಗೆ ಗಾಳಿ ಇಲ್ಲದಾಗಿದೆ. ಹೊರಗೆ ಸುರಿದು, ಕಟ್ಟಿಕೊಂಡ ಚರಟದ ಗಂಟು ಒಡೆದು ಮತ್ತೆ ತುಂಬಿ. ಬಿಳಿ ನೂಲಿನಂಥ ಶಿಲೀಂಧ್ರ ಕಂಡರೆ ಗಾಬರಿ ಬೇಡ, ಅದು ದಂಟನ್ನು ಕೊಳೆಯಿಸುವ ಕೆಲಸ ಮಾಡುತ್ತಿದೆ.

ಎರಡೂವರೆಯಿಂದ ಮೂರು ತಿಂಗಳಿಗೆ ರಾಶಿ ಅರ್ಧಕ್ಕೆ ಇಳಿದು ಮಣ್ಣಿನ ವಾಸನೆ ಬರುತ್ತದೆ. ಚರಟ ಮೊದಲಿನಿಂದಲೇ ಕಪ್ಪಗಿರುವುದರಿಂದ ಬಣ್ಣ ನೋಡಿ ಆಯಿತೆನ್ನಲಾಗದು. ಒಂದು ಬಟ್ಟಲಲ್ಲಿ ಗೊಬ್ಬರ ಮಾತ್ರ, ಇನ್ನೊಂದರಲ್ಲಿ ಬರೀ ಮಣ್ಣು ತುಂಬಿ ಎರಡಕ್ಕೂ ಹತ್ತತ್ತು ಮೆಂತ್ಯ ಕಾಳು ಹಾಕಿ ನೋಡುತ್ತೇನೆ. ಮಣ್ಣಿನಲ್ಲಿ ಒಂಬತ್ತು ಮೊಳೆತು ಗೊಬ್ಬರದಲ್ಲಿ ನಾಲ್ಕೈದೇ ಮೊಳೆತರೆ, ಅಥವಾ ಮೊಳೆತದ್ದರ ಬೇರು ಮೊಂಡಾಗಿದ್ದರೆ, ಇನ್ನು ಮೂರು ವಾರ ಬಿಡಬೇಕು. ಸರಿಯಾಗಿ ಮೊಳೆತರೆ ಕುಂಡಕ್ಕೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ.

ಮನೆಯೊಳಗಿನ ಬಳಕೆ ಕಡಿಮೆ. ಚೆನ್ನಾಗಿ ಒಣಗಿದ ಚರಟ ಒಂದು ಬಟ್ಟಲು ಫ್ರಿಜ್ಜಿನಲ್ಲಿಟ್ಟರೆ ಬೆಳ್ಳುಳ್ಳಿ ವಾಸನೆ ತಗ್ಗುತ್ತದೆ, ಎರಡು ವಾರಕ್ಕೆ ಬದಲಿಸಬೇಕು. ಜಿಡ್ಡಿನ ಕಬ್ಬಿಣದ ಹೆಂಚು, ಸ್ಟೀಲ್ ಪಾತ್ರೆ ಉಜ್ಜಲು ಒಂದು ಚಮಚ ಸಾಕು; ನಾನ್‌ಸ್ಟಿಕ್ ಮೇಲೆ ಗೀರು ಬೀಳುತ್ತದೆ. ಉಜ್ಜಿದ್ದನ್ನು ಸಿಂಕಿಗೆ ತೊಳೆಯದೆ ಒರೆಸಿ ತೆಗೆಯಬೇಕು, ಎಣ್ಣೆ ಜೊತೆ ಸೇರಿ ಅದು ಪೈಪಿನ ಬಾಗಿನಲ್ಲಿ ಗಟ್ಟಿಯಾಗುತ್ತದೆ. ನಾಯಿ ಇರುವ ಮನೆಯಲ್ಲಿ ಚರಟದ ಬಕೆಟ್ಟಿಗೆ ಬಿಗಿ ಮುಚ್ಚಳ ಇರಲಿ, ಕೆಫೀನ್ ನಾಯಿಗೆ ವಿಷ. ತಿಂದದ್ದು ಗೊತ್ತಾದರೆ ಕಾಯದೆ ಪಶುವೈದ್ಯರ ಹತ್ತಿರ ಒಯ್ಯಿರಿ. ಶಹಾಬಾದ್ ಫರಸಿ ಹಾಸಿದ ಅಂಗಳದಲ್ಲಿ ಹಸಿ ಚರಟವನ್ನು ನೇರ ನೆಲಕ್ಕೆ ಹರವಬೇಡಿ. ಆ ಕಲ್ಲು ಬಣ್ಣ ಹೀರಿಕೊಳ್ಳುತ್ತದೆ, ಆಮೇಲೆ ಕಲೆ ತೆಗೆಯಲು ಆ್ಯಸಿಡ್ ಹಾಕಿದರೆ ಸುಣ್ಣಕಲ್ಲಾದ್ದರಿಂದ ಫರಸಿಯೇ ಸವೆಯುತ್ತದೆ.