ರೊಟ್ಟಿ ಬಡಿಯಲು ಬಾರದ ಕೈ: ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಕೊಂಡಾಗ

ನಾನು ಕಲಬುರಗಿಯಲ್ಲಿ ಬೆನ್ನುಮೂಳೆಯ ಸರ್ಜನ್. ಚಿಂಚೋಳಿ ಕಡೆಯ ಒಬ್ಬ ಅವ್ವನ ಕಥೆ ಹೇಳುತ್ತೇನೆ. ವಯಸ್ಸು 58, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೊದಲ ಸಲ ಬಂದಾಗ ಅವರ ಕಾಯಿಲೆ ನನಗೆ ಹೊಳೆಯಲಿಲ್ಲ. ಎರಡನೇ ಸಲ ಅವರೇ ಹೇಳಿಕೊಟ್ಟರು.

ಮೊದಲ ಸಲ ಬಂದದ್ದು ಏಪ್ರಿಲ್‌ನಲ್ಲಿ. ಕಾಲು ಭಾರ, ನಡೆದರೆ ಬಿಗಿ, ಬೆರಳಲ್ಲಿ ಜೋಮು ಅಂದರು. ಸೊಂಟದ ಎಂಆರ್‌ಐ ಮಾಡಿಸಿದೆ. ಆ ವಯಸ್ಸಿನವರಲ್ಲಿ ಸಾಮಾನ್ಯವಾಗಿ ಇರುವಷ್ಟೇ ಸವೆತ ಕಂಡಿತು. ಜೋಮಿಗೆ ಸಕ್ಕರೆಯೇ ಕಾರಣ ಎಂದುಕೊಂಡು ನರದ ಮಾತ್ರೆ ಬರೆದುಕೊಟ್ಟೆ. ಅವತ್ತು ಮೊಣಕಾಲಿಗೆ ಸುತ್ತಿಗೆ ಬಡಿದು ನೋಡಿದ್ದರೆ ಸಾಕಿತ್ತು. ಸಕ್ಕರೆಯಿಂದ ನರ ಕೆಟ್ಟರೆ ಕಾಲು ಜಿಗಿಯುವುದು ಕಡಿಮೆಯಾಗಬೇಕು. ಬೆನ್ನುಹುರಿ ಒತ್ತಿಕೊಂಡಿದ್ದರೆ ಜಾಸ್ತಿಯಾಗುತ್ತದೆ. ಎರಡೂ ಪೂರ್ತಿ ಎದುರುಬದುರು. ಆ ದಿನ ಓಪಿಡಿಯಲ್ಲಿ ಗದ್ದಲವಿತ್ತು, ಸುತ್ತಿಗೆ ಡ್ರಾಯರ್‌ನಲ್ಲೇ ಉಳಿಯಿತು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ನವೆಂಬರ್ ಮೊದಲ ವಾರ ಮಗನ ಕೈ ಹಿಡಿದುಕೊಂಡು ಮತ್ತೆ ಬಂದರು. ನಾನು ಕಾಲಿನ ಬಗ್ಗೆ ಕೇಳಲು ಶುರುಮಾಡಿದರೆ ಅವರು ಅಲ್ಲಿಗೇ ತಡೆದರು.

"ಕಾಲಿಂದು ಇರ್ಲಿ ಬಿಡ್ರಿ ಸಾಹೇಬ್ರ. ನಂಗ ರೊಟ್ಟಿ ಬಡಿಲಾಕ ಬರವಲ್ದು. ಹಿಟ್ಟು ಕೈಗಿ ತಿಳಿವಲ್ದು."

ಜೋಳದ ರೊಟ್ಟಿ ಬಡಿಯುವುದನ್ನು ಹತ್ತಿರದಿಂದ ನೋಡಿದವರಿಗೆ ಇದರ ಅರ್ಥ ತಟ್ಟನೆ ಆಗುತ್ತದೆ. ಒಂದು ಕೈ ಬಡಿಯುತ್ತದೆ, ಇನ್ನೊಂದು ಕೈ ಅಂಚು ಒಡೆಯದ ಹಾಗೆ ತಡೆಯುತ್ತಾ ರೊಟ್ಟಿಯನ್ನು ತಿರುಗಿಸುತ್ತದೆ. ಹತ್ತೂ ಬೆರಳು ಒಂದು ಲಯದಲ್ಲಿ ಕೆಲಸ ಮಾಡಬೇಕು. ಐವತ್ತು ವರ್ಷ ಬಡಿದ ಕೈಗೆ ಅದು ಬರುತ್ತಿಲ್ಲ ಎಂದರೆ ಅದು ಬರೀ ಸುಸ್ತಲ್ಲ. ಅಂಚು ಹರಿಯುತ್ತದೆ, ಎತ್ತಿ ಹಂಚಿಗೆ ಹಾಕುವಾಗ ರೊಟ್ಟಿ ಮುರಿಯುತ್ತದೆ ಎಂದರು. ಕುಪ್ಪಸದ ಹುಕ್ಕು ಹಾಕಿಕೊಳ್ಳಲು ಬಹಳ ಕಷ್ಟಪಡಬೇಕು. ಇನ್ನೊಂದು ಮಾತನ್ನು ಮಗ ಸೇರಿಸಿದ: ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವ್ವನಿಗೆ ಗೊತ್ತಾಗುವುದಿಲ್ಲ.

ಕುತ್ತಿಗೆ ನೋವು ಇದೆಯೇ ಎಂದು ಕೇಳಿದೆ. ಅಷ್ಟೇನಿಲ್ಲ ಎಂದರು. ಬಹಳ ಮಂದಿ ಮೋಸ ಹೋಗುವುದು ಇಲ್ಲೇ. ಕುತ್ತಿಗೆಯ ಮಣಿ ಮತ್ತು ಡಿಸ್ಕ್ ಸವೆದು ಬೆನ್ನುಹುರಿ ಒತ್ತಿಕೊಳ್ಳುವ ಈ ಕಾಯಿಲೆಗೆ ಸರ್ವೈಕಲ್ ಸ್ಪಾಂಡಿಲೋಟಿಕ್ ಮೈಲೋಪತಿ ಎನ್ನುತ್ತೇವೆ. ಇದರಲ್ಲಿ ಕುತ್ತಿಗೆ ನೋಯಲೇಬೇಕೆಂದಿಲ್ಲ. ಕೈ ಎಡವಟ್ಟಾಗುತ್ತದೆ, ನಡಿಗೆ ತಪ್ಪುತ್ತದೆ. ರೋಗಿ ಕೈಗೆ ಒಬ್ಬರನ್ನು, ಕಾಲಿಗೆ ಇನ್ನೊಬ್ಬರನ್ನು ತೋರಿಸುತ್ತಾ ತಿಂಗಳುಗಟ್ಟಲೆ ಕಳೆಯುತ್ತಾರೆ.

ಈ ಸಲ ಸುತ್ತಿಗೆ ಕೈಯಲ್ಲಿತ್ತು. ಮೊಣಕಾಲಿಗೆ ಮೆಲ್ಲಗೆ ತಟ್ಟಿದರೂ ಕಾಲು ಜೋರಾಗಿ ಎಗರಿತು. ದವಡೆಗೆ ತಟ್ಟಿದರೆ ಎಲ್ಲ ಮಾಮೂಲಿ. ಅಂದರೆ ತೊಂದರೆ ತಲೆಯಿಂದ ಕೆಳಗೆ ಎಲ್ಲೋ ಇದೆ. ಆಮೇಲೆ ಮಣಿಕಟ್ಟಿನ ಹತ್ತಿರ, ಹೆಬ್ಬೆರಳ ಬದಿಯ ಮೂಳೆಗೆ ತಟ್ಟಿದೆ. ಮಾಮೂಲಿಯಾಗಿ ಮೊಣಕೈ ಸ್ವಲ್ಪ ಮಡಚಬೇಕು. ಇವರಲ್ಲಿ ಮೊಣಕೈ ಅಲುಗಲಿಲ್ಲ, ಬದಲಿಗೆ ಬೆರಳುಗಳು ಮಡಚಿಕೊಂಡವು. ಈ ಉಲ್ಟಾ ಉತ್ತರ ಕುತ್ತಿಗೆಯ ಐದನೇ ಮತ್ತು ಆರನೇ ಮಣಿಯ ನಡುವಿನ ಜಾಗ, ಅಂದರೆ ಸಿ5-ಸಿ6 ಮಟ್ಟದ ಕಡೆ ಬೆರಳು ತೋರಿಸುತ್ತದೆ. ಅಲ್ಲಿಯ ನರದ ದಾರಿ ಕೆಟ್ಟಿದೆ, ಅದರ ಕೆಳಗಿನದು ಲಗಾಮಿಲ್ಲದಂತಾಗಿದೆ.

ಹಾಫ್‌ಮನ್ ಗುರುತನ್ನೂ ನೋಡಿದೆ. ರೋಗಿಯ ನಡುಬೆರಳ ತುದಿಯನ್ನು ಹಿಡಿದು, ಉಗುರನ್ನು ಕೆಳಕ್ಕೆ ಚಿಮ್ಮಿ ಬಿಡುತ್ತೇವೆ. ಹೆಬ್ಬೆರಳು, ತೋರುಬೆರಳು ತಾವಾಗೇ ಒಳಗೆ ಮಡಚಿದರೆ ಗುರುತು ಇದೆ ಎಂದರ್ಥ. ಅವರ ಎರಡೂ ಕೈಯಲ್ಲಿತ್ತು. ಇದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು, ಕೆಲವು ಆರೋಗ್ಯವಂತರಲ್ಲೂ ಇರುತ್ತದೆ. ಬೇರೆ ಗುರುತುಗಳ ಜೊತೆ ಸೇರಿದಾಗ ಮಾತ್ರ ಅದಕ್ಕೆ ತೂಕ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆಗೆ ಯಾವ ಉಪಕರಣವೂ ಬೇಡ, ಮೊಬೈಲ್‌ನ ಗಡಿಯಾರ ಸಾಕು. ಮುಷ್ಟಿ ಪೂರ್ತಿ ಕಟ್ಟಿ ಪೂರ್ತಿ ಬಿಚ್ಚಬೇಕು, ಆದಷ್ಟು ಬೇಗ, 10 ಸೆಕೆಂಡ್. 20 ಸಲ ಆಗಬೇಕು. "ಅವ್ವಾ, ಜಲ್ದಿ ಜಲ್ದಿ ಮುಷ್ಟಿ ಕಟ್ಟಿ ಬಿಚ್ರಿ" ಎಂದೆ. ಬಲಗೈ 11, ಎಡಗೈ 12. ಬಿಚ್ಚುವಾಗ ಕಿರುಬೆರಳು ಹಿಂದೆ ಬೀಳುತ್ತಿತ್ತು, ಅದನ್ನು ಬಿಚ್ಚಲು ಮಣಿಕಟ್ಟನ್ನೇ ಬಗ್ಗಿಸುತ್ತಿದ್ದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ಕಾಯಿಲೆಯಲ್ಲೂ ಕೈ ಜೋಮು ಹಿಡಿಯುತ್ತದೆ, ನಿಜ. ಆದರೆ ಅದರಲ್ಲಿ ಕಾಲು ಬಿಗಿಯುವುದಿಲ್ಲ. ಹಿಮ್ಮಡಿಗೆ ಬೆರಳು ತಾಗಿಸಿ ಸಾಲಾಗಿ ನಡೆಯಿರಿ ಎಂದಾಗ ಈ ಅವ್ವ ಎರಡು ಹೆಜ್ಜೆಗೇ ಗೋಡೆ ಹಿಡಿದರು. ಬಲ ಅಂಗಾಲು ಗೀರಿದರೆ ಹೆಬ್ಬೆರಳು ಮೇಲಕ್ಕೆ ಎದ್ದಿತು, ಅದೂ ಹುರಿಗೆ ತೊಂದರೆಯಾದ ಗುರುತು.

ಎಂಆರ್‌ಐಗೆ ಮುಂಚೆಯೇ ಒಂದು ಲೆಕ್ಕ ಬರೆದಿಟ್ಟೆ. ಎಂಜೆಒಎ ಎಂಬ 18 ಅಂಕಗಳ ಪಟ್ಟಿ ಇದೆ. ಕೈಗೆ 5, ಕಾಲಿಗೆ 7, ಕೈಯ ಸ್ಪರ್ಶಕ್ಕೆ 3, ಮೂತ್ರಕ್ಕೆ 3. ಬಹಳ ಕಷ್ಟಪಟ್ಟು ಹುಕ್ಕು ಹಾಕುವ ಕೈಗೆ 3 ಕೊಟ್ಟೆ. ಕಟಾಂಜನ ಹಿಡಿದೇ ಮೆಟ್ಟಿಲು ಹತ್ತುವ ಕಾಲಿಗೆ 4, ಜೋಮಿಗೆ 2. ಮೂತ್ರ ಸರಿಯಿತ್ತು, 3. ಒಟ್ಟು 12. 15ರಿಂದ 17 ಇದ್ದರೆ ಸೌಮ್ಯ, 12ರಿಂದ 14 ಮಧ್ಯಮ, 11 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ. ಇವರು ಮಧ್ಯಮದ ಕಟ್ಟಕಡೆಯಲ್ಲಿದ್ದರು.

ಎಂಆರ್‌ಐ ಬಂತು. ಸಿ4-ಸಿ5 ಮತ್ತು ಸಿ5-ಸಿ6ನಲ್ಲಿ ಮುಂದಿನಿಂದ ಡಿಸ್ಕ್ ಮತ್ತು ಮೂಳೆಯ ಮುಳ್ಳು ಚಾಚಿದ್ದವು, ಹಿಂದಿನಿಂದ ದಪ್ಪಗಾದ ಲಿಗಮೆಂಟ್ ಒತ್ತುತ್ತಿತ್ತು. ಹುರಿ ಹಾದುಹೋಗುವ ಕಾಲುವೆಯ ಅಗಲ ಸಿ5-ಸಿ6ನಲ್ಲಿ 7 ಮಿಲಿಮೀಟರ್ ಮಾತ್ರ ಉಳಿದಿತ್ತು. ಇಲ್ಲಿ 10ಕ್ಕಿಂತ ಕೆಳಗೆ ಬಂದರೆ ಹುರಿಗೆ ಜಾಗವೇ ಇಲ್ಲ ಎಂದು ಲೆಕ್ಕ. ಹುರಿಯ ಸುತ್ತ ಬೆಳ್ಳಗೆ ಕಾಣಬೇಕಾದ ನೀರಿನ ಗೆರೆ ಆ ಎರಡು ಕಡೆ ಪೂರ್ತಿ ಮಾಯವಾಗಿತ್ತು. ಎಂಆರ್‌ಐನಲ್ಲಿ ಟಿ1, ಟಿ2 ಎಂದು ಎರಡು ಬಗೆಯ ಚಿತ್ರ ತೆಗೆಯುತ್ತಾರೆ. ಟಿ2 ಚಿತ್ರದಲ್ಲಿ ಹುರಿಯ ಒಳಗೆ ಮಸುಕಾದ ಬಿಳಿ ಕಲೆಯಿತ್ತು. ಅದೇ ಜಾಗ ಟಿ1 ಚಿತ್ರದಲ್ಲಿ ಕಪ್ಪಾಗಿರಲಿಲ್ಲ. ಅದನ್ನು ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು. ಟಿ2ನಲ್ಲಿ ಮಸುಕು ಬಿಳಿ ಎಂದರೆ ಊತವೂ ಇರಬಹುದು, ಸ್ವಲ್ಪವಾದರೂ ತಿರುಗಿ ಬರುವಂಥದ್ದು. ಟಿ1ನಲ್ಲೂ ಕಪ್ಪು ಕಂಡರೆ ಅಲ್ಲಿ ನರದ ಅಂಗಾಂಶ ನಶಿಸಿರುವ ಸಾಧ್ಯತೆ ಜಾಸ್ತಿ, ಆಪರೇಷನ್ ಆದರೂ ಸುಧಾರಣೆ ಕಡಿಮೆ.

ಸಿಟಿ ಕೂಡ ಮಾಡಿಸಿದೆ. ಮಣಿಗಳ ಹಿಂಬದಿಯ ಲಿಗಮೆಂಟ್ ಮೂಳೆಯಾಗಿ ಗಟ್ಟಿಯಾಗಿದ್ದರೆ ಎಂಆರ್‌ಐನಲ್ಲಿ ಅದು ಸುಲಭವಾಗಿ ಗೊತ್ತಾಗುವುದಿಲ್ಲ. ಗೊತ್ತಿಲ್ಲದೆ ಮುಂದಿನಿಂದ ಹೋದರೆ ಹುರಿಯ ಹೊದಿಕೆಯೇ ಹರಿಯಬಹುದು. ಇವರಲ್ಲಿ ಅದು ಇರಲಿಲ್ಲ.

ಚಿತ್ರ ನೋಡಿ ಆಪರೇಷನ್ ಹೇಳುವುದಿಲ್ಲ, ರೋಗಿಯನ್ನು ನೋಡಿ ಹೇಳುತ್ತೇವೆ. ಅದೇ ತಿಂಗಳು ಹುಮನಾಬಾದ್ ಕಡೆಯ ಒಬ್ಬ ಮೇಷ್ಟ್ರು ಇಂಥದ್ದೇ ರಿಪೋರ್ಟ್ ಹಿಡಿದು, ನಿದ್ದೆಯಿಲ್ಲದೆ ಬಂದಿದ್ದರು. ಮುಷ್ಟಿ 24 ಸಲ ಕಟ್ಟಿದರು, ಸಾಲಾಗಿ ನೆಟ್ಟಗೆ ನಡೆದರು, ಒಂದು ಗುರುತೂ ಇರಲಿಲ್ಲ. ಅವರಿಗೆ ಆಪರೇಷನ್ ಬೇಡ ಎಂದೆ. ಏನೇನು ಕಂಡರೆ ಓಡಿ ಬರಬೇಕು ಎಂದು ಬರೆದುಕೊಟ್ಟೆ. ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆ ಲಟಕ್ ಅನ್ನಿಸಿಕೊಳ್ಳಬೇಡಿ ಎಂದೂ ಹೇಳಿದೆ. ಕಾಲುವೆ ಕಿರಿದಾದವರಿಗೆ ಆ ಒಂದು ತಿರುವೇ ಸಾಕಾಗಬಹುದು, ಬೈಕಿನಿಂದ ಬಿದ್ದರಂತೂ ಕೈ ಪೂರ್ತಿ ಬಿದ್ದುಹೋಗಬಹುದು.

ಅವ್ವನ ಮಾತು ಬೇರೆ. ಏಳು ತಿಂಗಳಲ್ಲಿ ನಡಿಗೆ ಕೆಟ್ಟಿತ್ತು, ಕೈ ಕೆಟ್ಟಿತ್ತು. ಮಧ್ಯಮ ಮತ್ತು ತೀವ್ರ ಹಂತಕ್ಕೆ ಆಪರೇಷನ್ನೇ ಸರಿ ಎಂದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ. ಸೌಮ್ಯ ಹಂತದವರು ಬೇಕಿದ್ದರೆ ಆಪರೇಷನ್ ಮಾಡಿಸಿಕೊಳ್ಳಬಹುದು, ಇಲ್ಲವೇ ಡಾಕ್ಟರ ಕಣ್ಗಾವಲಿನಲ್ಲಿ ವ್ಯಾಯಾಮ ಮಾಡುತ್ತಾ ಕಾಯಬಹುದು. ಕಾಯುವಾಗ ಅಂಕ ಇಳಿದರೆ ಆಪರೇಷನ್.

ಮಗ ಕೈಮುಗಿದ. "ಸರ್, ತೊಗರಿ ರಾಶಿ ಮುಗಿಸಿ ಬರ್ತೀವ್ರಿ. ಎರಡು ತಿಂಗಳ ಅಷ್ಟೇ. ಕುತ್ತಿಗಿ ಆಪರೇಷನ್ ಅಂದ್ರ ಲಕ್ವಾ ಹೊಡಿತದ ಅಂತಾರ."

ಅವನ ಕಷ್ಟ ನನಗೆ ಅರ್ಥವಾಗುತ್ತಿತ್ತು. ವರ್ಷದ ದುಡ್ಡು ಹೊಲದಲ್ಲಿ ನಿಂತಿದೆ. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನೋಡಪ್ಪಾ, ಆಪರೇಷನ್ನಿನ ಮುಖ್ಯ ಕೆಲಸ ಇನ್ನೂ ಕೆಡದ ಹಾಗೆ ತಡೆಯೋದು. ಈಗ ಉಳಿದಿರೋ ಕೈಯನ್ನ ನಾನು ಉಳಿಸಬಲ್ಲೆ. ಹೋದದ್ದು ಎಷ್ಟು ತಿರುಗಿ ಬರುತ್ತೆ ಅಂತ ಮಾತು ಕೊಡಲಾರೆ. ರಾಶಿ ಹೊತ್ತಿಗೆ ಅವ್ವ ಕಣದಲ್ಲಿ ಜಾರಿ ಬಿದ್ರೆ, ನೀನು ಹೆದರೋ ಲಕ್ವಾ ಅವತ್ತೇ ಬರಬಹುದು." ನರಕ್ಕೆ ಏಟಾಗುವ ಅಪಾಯ ಕಡಿಮೆ, ಆದರೆ ಇದೆ ಎಂದೂ ಹೇಳಿದೆ. ಭುಜ ಎತ್ತಲಾಗದಂಥ ಸಿ5 ನರದ ದೌರ್ಬಲ್ಯ ಕೆಲವರಿಗೆ ಬರುತ್ತದೆ, ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ. ಕೆಲವು ದಿನ ನುಂಗಲು ಕಷ್ಟ, ಧ್ವನಿ ಒಡೆಯಬಹುದು.

ಅವ್ವ ನಡುವೆ ಬಾಯಿ ಹಾಕಿದರು: "ರಾಶಿ ಸೊಸಿ ನೋಡ್ಕೋತಾಳ. ನನ್ನ ಕೈ ಯಾರ್ ನೋಡ್ಕೋಬೇಕು?"

ಅಷ್ಟರಲ್ಲಿ ಸಕ್ಕರೆಯ ಸಮಸ್ಯೆ. ಮೂರು ತಿಂಗಳ ಸರಾಸರಿ 9.1 ಇತ್ತು. ಬೇರೆ ಆಪರೇಷನ್ ಆಗಿದ್ದರೆ ಅದನ್ನು ಇಳಿಸಿಕೊಂಡು ಬನ್ನಿ ಎಂದು ಕಳಿಸುತ್ತಿದ್ದೆ. ಆ ಸಂಖ್ಯೆ ಇಳಿಯಲು ಮೂರು ತಿಂಗಳು ಬೇಕು, ಹುರಿಗೆ ಅಷ್ಟು ಸಮಯ ಇರಲಿಲ್ಲ. ಗಾಯ ಕೊಳೆಯುವ ಅಪಾಯ ಸ್ವಲ್ಪ ಹೆಚ್ಚು ಎಂದು ಮನೆಯವರಿಗೆ ತಿಳಿಸಿದೆ. ದಾಖಲು ಮಾಡಿ ಇನ್ಸುಲಿನ್ ಶುರುಮಾಡಿ, ದಿನದ ಸಕ್ಕರೆಯನ್ನು 180ರ ಕೆಳಗೆ ತಂದು, ಒಂಬತ್ತನೇ ದಿನ ಆಪರೇಷನ್ ಮಾಡಿದೆ.

ಒತ್ತಡ ಹೆಚ್ಚಾಗಿ ಮುಂದಿನಿಂದ, ಅದೂ ಎರಡೇ ಮಟ್ಟದಲ್ಲಿ. ಹಾಗಾಗಿ ಮುಂದಿನಿಂದಲೇ ಹೋದೆ. ನಾಲ್ಕು ಐದು ಮಟ್ಟ ಒತ್ತಿದ್ದು, ಕುತ್ತಿಗೆಯ ಬಾಗು ಸರಿಯಾಗಿದ್ದರೆ ಹಿಂದಿನಿಂದ ಹೋಗುತ್ತಿದ್ದೆ. ಅರಿವಳಿಕೆ ಡಾಕ್ಟರಿಗೆ ಎರಡು ಮಾತು ಮೊದಲೇ ಹೇಳಿದ್ದೆ. ನಳಿಕೆ ಹಾಕುವಾಗ ಕುತ್ತಿಗೆ ಹಿಂದಕ್ಕೆ ಬಾಗಿಸಬಾರದು, ವಿಡಿಯೋ ಲಾರಿಂಗೋಸ್ಕೋಪ್ ಬಳಸಬೇಕು. ಸರಾಸರಿ ರಕ್ತದೊತ್ತಡ 85ರ ಕೆಳಗೆ ಇಳಿಯಬಾರದು, ಒತ್ತಿಕೊಂಡ ಹುರಿಗೆ ರಕ್ತ ಕಡಿಮೆಯಾದರೆ ನಾವು ಮುಟ್ಟುವ ಮೊದಲೇ ಕೆಡಬಹುದು. ಮೈಕ್ರೋಸ್ಕೋಪ್ ಕೆಳಗೆ ಡಿಸ್ಕ್ ತೆಗೆದು, ಮುಳ್ಳುಗಳನ್ನು ತೆಳ್ಳಗೆ ಉಜ್ಜಿ, ಹಿಂಬದಿಯ ಲಿಗಮೆಂಟ್ ಬಿಡಿಸಿದೆ. ಚಪ್ಪಟೆಯಾಗಿದ್ದ ಹೊದಿಕೆ ಮೆಲ್ಲಗೆ ಉಬ್ಬಿ ಮುಂದೆ ಬಂತು, ಉಸಿರಿನ ಜೊತೆ ಆಡತೊಡಗಿತು. ಆಮೇಲೆ ಡಿಸ್ಕ್ ತೆಗೆದ ಜಾಗಗಳಿಗೆ ಎರಡು ಕೇಜ್, ಮಣಿಗಳನ್ನು ಹಿಡಿದಿಡಲು ಒಂದು ಪ್ಲೇಟ್.

ಮರುದಿನ ನಡೆಸಿದೆವು. ಹತ್ತು ದಿನ ಗಂಜಿ, ಮೆತ್ತನೆ ಅನ್ನ, ನುಂಗುವಾಗ ನೋವಿತ್ತು. ಆರು ವಾರಕ್ಕೆ ಮುಷ್ಟಿ ಲೆಕ್ಕ 15ಕ್ಕೆ ಬಂತು, ಆರು ತಿಂಗಳಿಗೆ 18. ಕಟಾಂಜನ ಬಿಟ್ಟು ಮೆಟ್ಟಿಲು ಹತ್ತುತ್ತಾರೆ. ಎಂಜೆಒಎ 15. ಬೆರಳ ತುದಿಯ ಜೋಮು ಹಾಗೇ ಉಳಿದಿದೆ. ಏಪ್ರಿಲ್‌ನಲ್ಲೇ ಹಿಡಿದಿದ್ದರೆ ಅದೂ ಕಡಿಮೆಯಾಗುತ್ತಿತ್ತೇನೋ ಎಂದು ಪ್ರತಿ ಸಲ ಅನ್ನಿಸುತ್ತದೆ.

ಈಗ ಕಾಲು ಭಾರ ಎಂದು ಯಾರೇ ಬಂದರೂ ಸೊಂಟಕ್ಕೆ ಮುಂಚೆ ಅವರ ಕೈ ಹಿಡಿಯುತ್ತೇನೆ, ನಡುಬೆರಳ ಉಗುರು ಚಿಮ್ಮುತ್ತೇನೆ. ಹೆಂಗಸರಾದರೆ ರೊಟ್ಟಿ ಹೇಗೆ ಬರುತ್ತಿದೆ ಎಂದು ಕೇಳುತ್ತೇನೆ. ಹೋದ ಸಲ ಅವ್ವ ಬಂದಾಗ ಬಟ್ಟೆಯಲ್ಲಿ ಸುತ್ತಿ ನಾಲ್ಕು ರೊಟ್ಟಿ ತಂದಿದ್ದರು. ಮೊದಲಿನಷ್ಟು ಅಗಲವಿಲ್ಲ, ಒಂದರ ಅಂಚು ಸ್ವಲ್ಪ ಸೀಳಿತ್ತು. ಉಳಿದ ಮೂರು ದುಂಡಗಿದ್ದವು.